ಐದು ಸಾಲಿನ ಪಟ್ಟಿ, ಮೊದಲ ಎರಡು ವಾಕ್ಯ

ಲಿಂಕ್ಡ್‌ಇನ್‌ನ 'ಅಬೌಟ್' ಭಾಗದಲ್ಲಿ 2,600 ಅಕ್ಷರಗಳವರೆಗೆ ಬರೆಯಬಹುದು. ಆದರೆ ಫೋನಿನಲ್ಲಿ ತೆರೆದವರಿಗೆ ಮೊದಲು ಕಾಣೋದು ಕೆಲವೇ ಸಾಲು. ಉಳಿದದ್ದನ್ನು ಓದಬೇಕಾದರೆ ಅವರು ಇನ್ನೊಮ್ಮೆ ಒತ್ತಬೇಕು. ಹಾಗಾಗಿ ಪಟ್ಟಿಯಲ್ಲಿರೋದನ್ನೆಲ್ಲ ತುಂಬುವುದಕ್ಕಿಂತ, ಮೊದಲು ಯಾವುದು ಬರಬೇಕು ಅಂತ ಆರಿಸೋದು ಮುಖ್ಯ.

ನನ್ನ ತಂಗಿ ನೆಲಮಂಗಲದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಓದಿದ್ದು ಬಿ.ಎ. ಪ್ಲಾನಿಂಗ್ ವಿಭಾಗದ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಡಿಗ್ರಿ ನೋಡಿ ಯಾರೂ ಕರೆಯಲ್ಲ, ಮಾಡಿದ ಕೆಲಸವೇ ಮಾತಾಡಬೇಕು. ಅವಳು ಕೊಟ್ಟ ಪಟ್ಟಿ ಇಷ್ಟು: ನಾಲ್ಕು ವರ್ಷ ಅನುಭವ, ಡಿಸ್‌ಪ್ಯಾಚ್ ತಪ್ಪು ಕಡಿಮೆ ಮಾಡಿದ್ದು, 15 ಹೊಸಬರಿಗೆ ತರಬೇತಿ, ಎಕ್ಸೆಲ್ ಕೋರ್ಸ್, ಒಂದು ಸಲ 'ತಿಂಗಳ ಉದ್ಯೋಗಿ'.

ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಿದೆ. ಮೊದಲು ಹೇಗಿತ್ತು? ನೀನೇನು ಮಾಡಿದೆ? ಆಮೇಲೆ ಏನಾಯ್ತು? ಎರಡನೇ ಸಾಲಿಗೆ ಬಂದಾಗ ಅವಳು ಹೇಳಿದಳು: "ಒಂದೇ ಥರ ಕಾಣೋ ಡಬ್ಬಿಗಳನ್ನ ಅಕ್ಕಪಕ್ಕ ಇಡ್ತಿದ್ರು ಅಕ್ಕ. ನಾನು ದೂರ ದೂರ ಇಡಿಸಿದೆ. ತಿಂಗಳಿಗೆ 40 ತಪ್ಪು ಪಾರ್ಸೆಲ್ ವಾಪಸ್ ಬರ್ತಿದ್ದವು, ಆರು ತಿಂಗಳಲ್ಲಿ 12ಕ್ಕೆ ಇಳೀತು."

ಕಾರಣ ಹುಡುಕೋದು, ವ್ಯವಸ್ಥೆ ಬದಲಿಸೋದು: ಪ್ಲಾನಿಂಗ್‌ನವರಿಗೆ ಬೇಕಾಗಿದ್ದೂ ಅದೇ. ಅವಳ ಮಾತನ್ನೇ ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತಂದೆವು:

"ಗೋದಾಮಿನಲ್ಲಿ ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ಹುಡುಕಿ ಸರಿಪಡಿಸುತ್ತೇನೆ. ಡಬ್ಬಿಗಳ ಜಾಗ ಬದಲಿಸಿ, ತಿಂಗಳಿಗೆ 40ರಷ್ಟಿದ್ದ ತಪ್ಪು ಪಾರ್ಸೆಲ್‌ಗಳನ್ನು ಆರು ತಿಂಗಳಲ್ಲಿ 12ಕ್ಕೆ ಇಳಿಸಿದೆ."

ಇದರ ಕೆಳಗೆ ತರಬೇತಿಯ ಮಾತು, ಕೊನೆಗೆ ಎಂಥ ಕೆಲಸ ಹುಡುಕುತ್ತಿದ್ದಾಳೆ ಅನ್ನೋ ಒಂದು ವಾಕ್ಯ. ಕೋರ್ಸ್, ಪ್ರಶಸ್ತಿಗಳಿಗೆ ಪ್ರೊಫೈಲಿನಲ್ಲಿ ಬೇರೆ ಜಾಗವೇ ಇದೆ, ಅಲ್ಲಿ ಹೋದವು. 'ಶ್ರಮಜೀವಿ', 'ಉತ್ಸಾಹಿ' ಅನ್ನೋ ಪದಗಳನ್ನು ತೆಗೆದೆವು. ಯಾರ ಹೆಸರಿನ ಕೆಳಗೆ ಹಾಕಿದರೂ ಒಪ್ಪುವ ಮಾತು ಯಾರ ಬಗ್ಗೆಯೂ ಏನೂ ಹೇಳಲ್ಲ.

ಅಂಕಿ ಹಾಕುವಾಗ ಎರಡು ಎಚ್ಚರ ಬೇಕು. "ಹೇಗೆ ಎಣಿಸಿದಿರಿ?" ಅಂತ ಸಂದರ್ಶನದಲ್ಲಿ ಕೇಳಿದರೆ ಉತ್ತರ ಇರಬೇಕು. ಕಂಪನಿ ಹೊರಗೆ ಹೇಳಬಾರದ ಲೆಕ್ಕವಾಗಿದ್ದರೆ "ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು" ಅಂತಷ್ಟೇ ಬರೆಯಬಹುದೇ ಎಂದು ಮೊದಲು ಕೇಳಿಕೊಳ್ಳಿ.

ಕಿರುಪರಿಚಯದ ದಾರಿ ಬೇರೆ. ಅದನ್ನು ಬಳಸೋದು ನಿಮ್ಮನ್ನು ಸಭೆಗೆ ಪರಿಚಯಿಸುವ ಇನ್ನೊಬ್ಬರು. ಅದಕ್ಕೇ 'ನಾನು' ಇರಲ್ಲ. ಈಗಿನ ಹುದ್ದೆ ಮೊದಲು, ಒಂದೆರಡು ಸಾಧನೆ ಆಮೇಲೆ:

"ಇವರು ನೆಲಮಂಗಲದಲ್ಲಿ ಗೋದಾಮು ಸೂಪರ್‌ವೈಸರ್. ದಾಸ್ತಾನು ಜೋಡಣೆ ಬದಲಿಸಿ ತಪ್ಪು ಪಾರ್ಸೆಲ್‌ಗಳನ್ನು ತಗ್ಗಿಸಿದ್ದಾರೆ. ನಾಲ್ಕು ವರ್ಷಗಳಲ್ಲಿ 15 ಹೊಸಬರಿಗೆ ಕೆಲಸ ಕಲಿಸಿದ್ದಾರೆ."

ಇದನ್ನು ಜೋರಾಗಿ ಓದಿ ನೋಡಿ. ಎಲ್ಲಿ ಉಸಿರು ಸಾಲಲ್ಲವೋ, ಅಲ್ಲಿ ಒಂದು ಪೂರ್ಣವಿರಾಮ ಬೇಕು.