ರೊಟ್ಟಿ ಎಣಿಸಬೇಡಿ, ಹಿಟ್ಟು ತೂಗಿ

ಡೋಣಿ ದಂಡೆಯ ಸಾರವಾಡದಲ್ಲಿ ಮಧುಮೇಹ ಇದ್ದವರಿಗೆ ಸಿಗುವ ಮೊದಲ ಸಲಹೆ ಒಂದೇ: ‘ಅನ್ನ ಬಿಡ್ರಿ, ಜ್ವಾಳದ ರೊಟ್ಟಿ ತಿನ್ರಿ, ಸಕ್ರಿ ಏರಂಗಿಲ್ಲ.’ ಅರ್ಧ ನಿಜ. ಜೋಳದ ಹಿಟ್ಟಿನಲ್ಲಿ ನಾರಿನಂಶ ಹೆಚ್ಚು, ನಿಜವೇ. ಆದರೆ ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಗೋಧಿ ಹಿಟ್ಟಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ.

ಆಹಾರ ತಜ್ಞರು ಇದನ್ನು ‘ಎಕ್ಸ್‌ಚೇಂಜ್’ ಲೆಕ್ಕದಲ್ಲಿ ಹೇಳುತ್ತಾರೆ. ಅಮೆರಿಕದಲ್ಲಿ 1950ರಲ್ಲಿ ಬಂದ ಪದ್ಧತಿ ಇದು. 15 ಗ್ರಾಂ ಕಾರ್ಬೋಹೈಡ್ರೇಟ್ ಅಂದರೆ ಒಂದು ಎಕ್ಸ್‌ಚೇಂಜ್. ಒಂದರ ಬದಲು ಇನ್ನೊಂದನ್ನು ತಿನ್ನಬಹುದು, ಲೆಕ್ಕ ಮಾತ್ರ ತಪ್ಪಬಾರದು. ಸುಮಾರು 50 ಗ್ರಾಂ ಅನ್ನ ಒಂದು. ಅರ್ಧ ದೊಡ್ಡ ಬಾಳೆಹಣ್ಣು ಒಂದು.

ರೊಟ್ಟಿಯ ಲೆಕ್ಕವೇ ಕಷ್ಟ, ಏಕೆಂದರೆ ಒಬ್ಬೊಬ್ಬರ ಕೈ ಒಂದೊಂದು ಅಳತೆ. ಅದಕ್ಕೆ ದಾರಿ ಹೀಗಿದೆ: ಅರ್ಧ ಕಿಲೊ ಹಿಟ್ಟು ತೂಗಿ, ಎಂದಿನಂತೆ ಬಡಿದು, ರೊಟ್ಟಿ ಎಷ್ಟಾದವು ನೋಡಿ. ಹತ್ತಾದರೆ ಒಂದಕ್ಕೆ 50 ಗ್ರಾಂ ಹಿಟ್ಟು, 34 ಗ್ರಾಂ ಕಾರ್ಬೋಹೈಡ್ರೇಟ್. ಎರಡು ಎಕ್ಸ್‌ಚೇಂಜ್ ದಾಟಿತು. ಬೆಂದ ರೊಟ್ಟಿಯನ್ನು ತೂಗಬೇಡಿ. ಕಟಕ್ ರೊಟ್ಟಿ ಹಗುರ, ಆದರೆ ಹೋಗಿದ್ದು ನೀರು ಮಾತ್ರ. ಕೈಯಲ್ಲಿ ಭಾರವೇ ಇಲ್ಲವೆಂದು ಮೂರು ಮುರಿದುಕೊಂಡರೆ ಹೊಟ್ಟೆಗೆ ಇಳಿಯುವುದು ಪೂರ್ತಿ ಮೂರು ರೊಟ್ಟಿಯ ಹಿಟ್ಟೇ.

ಮಧ್ಯಾಹ್ನದ ಊಟಕ್ಕೆ ನಾಲ್ಕು ಎಕ್ಸ್‌ಚೇಂಜ್ ಹೇಳಿಸಿಕೊಂಡ ಅಜ್ಜನೊಬ್ಬನ ತಾಟು ನೋಡೋಣ. ಎರಡು ರೊಟ್ಟಿಗೆ ನಾಲ್ಕೂವರೆ, ನೂರು ಗ್ರಾಂ ಅನ್ನಕ್ಕೆ ಎರಡು, ಕೊನೆಗೆ ಒಂದು ದೊಡ್ಡ ಬಾಳೆಹಣ್ಣಿಗೆ ಎರಡು. ಎಂಟೂವರೆ! ಕಾಳುಪಲ್ಯ ಇನ್ನೂ ಸೇರಿಲ್ಲ. ಇದನ್ನೇ ಒಂದು ರೊಟ್ಟಿ, 50 ಗ್ರಾಂ ಅನ್ನ, ಅರ್ಧ ಕಪ್ ಕಾಳುಪಲ್ಯ ಮಾಡಿದರೆ ನಾಲ್ಕರ ಆಸುಪಾಸಿಗೆ ಬರುತ್ತದೆ. ಬದನೆಕಾಯಿ ಪಲ್ಯ, ಸೊಪ್ಪು, ಸವತೆಕಾಯಿ ಹೆಚ್ಚು ಬಡಿಸಿಕೊಂಡರೆ ಹಸಿವೂ ಕಾಡದು. ಹಣ್ಣು ಸಂಜೆಗೆ ಹೋಗಲಿ, ಅದೂ ಅರ್ಧ.

ತಿಕೋಟಾ ಕಡೆಯ ದ್ರಾಕ್ಷಿ ಇದ್ದರೆ? ಸಣ್ಣವು ಹದಿನೇಳು ಹಣ್ಣು ಒಂದು ಎಕ್ಸ್‌ಚೇಂಜ್. ಅದೇ ಒಣದ್ರಾಕ್ಷಿಯಾದರೆ ಎರಡು ಟೇಬಲ್ ಚಮಚಕ್ಕೇ ಒಂದು ಮುಗಿಯುತ್ತದೆ. ಮಾತಾಡುತ್ತ ಬಾಯಿಗೆಸೆದುಕೊಳ್ಳುವ ಮುಷ್ಟಿ ಲೆಕ್ಕಕ್ಕೇ ಸಿಗದು.

ಎಕ್ಸ್‌ಚೇಂಜ್ ಸಮವಾದರೂ ಎಲ್ಲರ ರಕ್ತದ ಸಕ್ಕರೆ ಸಮನಾಗಿ ಏರುವುದಿಲ್ಲ. ಊಟ ಶುರುವಾದ ಎರಡು ತಾಸಿಗೆ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಿ. ಸಾಮಾನ್ಯವಾಗಿ 180ರೊಳಗೆ ಇರಬೇಕು. ಒಂದು ದಿನ ರೊಟ್ಟಿಯ ಊಟ, ಇನ್ನೊಂದು ದಿನ ಅಷ್ಟೇ ಎಕ್ಸ್‌ಚೇಂಜಿನ ಅನ್ನದೂಟ ಮಾಡಿ ನೋಡಿದರೆ ನಿಮ್ಮ ಮೈಗೆ ಯಾವುದು ಒಗ್ಗುತ್ತದೆಂದು ತಿಳಿಯುತ್ತದೆ. ಆದರೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಎಂಟೂವರೆಯಿಂದ ನಾಲ್ಕಕ್ಕೆ ಒಮ್ಮೆಲೇ ಇಳಿಯಬಾರದು. ಬೆವರು, ನಡುಕ, ತಲೆಸುತ್ತು ಬಂದು ಸಕ್ಕರೆ ಕುಸಿದೀತು. ಮೊದಲು ವೈದ್ಯರಿಂದ ಔಷಧಿಯ ಪ್ರಮಾಣ ಸರಿ ಮಾಡಿಸಿಕೊಳ್ಳಬೇಕು.