ಒಂದು ಸಾಮಾನು ತೆಗೆದರೆ ಒಂದು ಪೆಟ್ಟಿಗೆ ಹೆಚ್ಚು

ಮೂವತ್ತಮೂರು ಸಾಮಾನುಗಳಿವೆ ಎಂದುಕೊಳ್ಳಿ. ಒಂದು ಪೆಟ್ಟಿಗೆ ತಡೆಯುವುದು 524 ಗ್ರಾಂ ಮಾತ್ರ. ಸಾಮಾನುಗಳಲ್ಲಿ 442 ಗ್ರಾಂನದು ಒಂದು, 252 ಗ್ರಾಂನವು ಏಳು, 127ರವು ಐದು, 106ರವು ನಾಲ್ಕು. 85, 84, 46 ಗ್ರಾಂನವು ಒಂದೊಂದು. 37ರವು ಎರಡು, 12ರವು ಮೂರು, 10ರವು ಆರು, 9ರವು ಎರಡು. ಎಲ್ಲವನ್ನೂ ಕೂಡಿದರೆ 3,668 ಗ್ರಾಂ, ಅಂದರೆ ಸರಿಯಾಗಿ ಏಳು ಪೆಟ್ಟಿಗೆ.

ಅನುಭವಿ ಪ್ಯಾಕಿಂಗ್ ಕೆಲಸಗಾರರೆಲ್ಲ ಮಾಡುವಂತೆ ಭಾರದ್ದನ್ನು ಮೊದಲು ಎತ್ತಿಕೊಳ್ಳಿ. ಮೊದಲ ಪೆಟ್ಟಿಗೆಯಿಂದ ನೋಡುತ್ತಾ ಬನ್ನಿ, ಎಲ್ಲಿ ಹಿಡಿಸುತ್ತದೋ ಅಲ್ಲಿ ಹಾಕಿ. ಏಳೂ ಪೆಟ್ಟಿಗೆ ಒಂದು ಗ್ರಾಂ ಕೂಡ ಉಳಿಯದಂತೆ ತುಂಬುತ್ತವೆ. ಈಗ ಗಿರಾಕಿ ಫೋನ್ ಮಾಡಿ 46 ಗ್ರಾಂನ ಸಾಮಾನು ಬೇಡ ಎಂದರು. ಅದನ್ನು ಬಿಟ್ಟು ಅದೇ ಕ್ರಮದಲ್ಲಿ ಮತ್ತೆ ತುಂಬಿ. ಈ ಸಲ ಎಂಟು ಪೆಟ್ಟಿಗೆ ಬೇಕಾಗುತ್ತವೆ.

ಇದನ್ನು ತೋರಿಸಿಕೊಟ್ಟವರು ಬೆಲ್ ಲ್ಯಾಬ್ಸ್‌ನ ಗಣಿತಜ್ಞ ರೊನಾಲ್ಡ್ ಗ್ರಹಾಂ. ಚೆಂಡುಗಳನ್ನು ಗಾಳಿಗೆ ಎಸೆದು ಹಿಡಿಯುವ ಜಗ್ಲಿಂಗ್ ಕಲೆಯಲ್ಲೂ ಅವರದು ದೊಡ್ಡ ಹೆಸರು. 1972ರಲ್ಲಿ ಅಂತರರಾಷ್ಟ್ರೀಯ ಜಗ್ಲರ್‌ಗಳ ಸಂಘಕ್ಕೆ ಅವರೇ ಅಧ್ಯಕ್ಷರು. ಅವರ ಆ ಪಟ್ಟಿಯನ್ನು ಮೊದಲ ಸಲ ಕಂಡಾಗ ನಾನು ನಂಬಲಿಲ್ಲ. ಕಾಗದದ ಮೇಲೆ ಒಂದೊಂದೇ ಸಾಮಾನು ಹಾಕುತ್ತಾ ಹೋದಾಗ ಕಾರಣ ಕಂಡಿತು. 46 ಇದ್ದಾಗ ಅದು 442ರ ಪಕ್ಕ ಕೂತು, ಆ ಪೆಟ್ಟಿಗೆಯಲ್ಲಿ 36 ಗ್ರಾಂ ಜಾಗ ಮಾತ್ರ ಉಳಿಸುತ್ತಿತ್ತು. ಅಲ್ಲಿ 37ರವು ಹಿಡಿಸದೆ ಮುಂದೆ ಹೋಗಿ, ತಮಗೆ ಸರಿಯಾದ 37 ಗ್ರಾಂ ಸಂದುಗಳಲ್ಲೇ ಸೇರುತ್ತಿದ್ದವು. 46 ಹೋದೊಡನೆ ಎರಡು 37ಗಳೂ ಮೊದಲ ಪೆಟ್ಟಿಗೆಗೇ ನುಗ್ಗುತ್ತವೆ. 12ರವು ತಮ್ಮ ಜಾಗ ಕಳೆದುಕೊಂಡು 10ರವುಗಳ ಜಾಗ ಹಿಡಿಯುತ್ತವೆ, 10ರವು 9ರವುಗಳನ್ನು ತಳ್ಳುತ್ತವೆ. ಕೊನೆಗೆ 9 ಗ್ರಾಂನ ಒಂದೇ ಒಂದು ಸಾಮಾನಿಗಾಗಿ ಎಂಟನೆಯ ಪೆಟ್ಟಿಗೆ ತೆರೆಯಬೇಕಾಗುತ್ತದೆ.

ಇವತ್ತು ಆನ್‌ಲೈನ್ ಅಂಗಡಿಯಲ್ಲಿ ನಾವು ಸಾಮಾನು ಆರಿಸಿ ಮುಗಿಸುವಷ್ಟರಲ್ಲಿ ಯಾವ ಅಳತೆಯ ರಟ್ಟಿನ ಪೆಟ್ಟಿಗೆ, ಎಷ್ಟು ತೂಕ, ಎಷ್ಟು ಸಾಗಣೆ ಶುಲ್ಕ ಎಂದು ಗಣಕ ಲೆಕ್ಕ ಹಾಕಿರುತ್ತದೆ. ಅದರ ಒಳಗಿರುವುದು ಹೆಚ್ಚುಕಡಿಮೆ ಇದೇ ‘ದೊಡ್ಡದು ಮೊದಲು’ ಕ್ರಮ. ಎಲ್ಲ ಬಗೆಯ ಜೋಡಣೆಯನ್ನೂ ಪರೀಕ್ಷಿಸಿ ಅತ್ಯುತ್ತಮವಾದುದನ್ನು ಆರಿಸಲು ಹೊರಟರೆ, ಸಾಮಾನುಗಳ ಸಂಖ್ಯೆ ಏರಿದಂತೆ ಲೆಕ್ಕ ಕೈಮೀರಿ ಬೆಳೆಯುತ್ತದೆ, ಗಿರಾಕಿ ಕಾಯುವುದಿಲ್ಲ. ಹಾಗಾದರೆ ಈ ಸುಲಭದ ಕ್ರಮ ಎಷ್ಟು ಕೆಟ್ಟದಾಗಬಹುದು? 1973ರಲ್ಲಿ ಎಂಐಟಿಯ ಡೇವಿಡ್ ಜಾನ್ಸನ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಪೆಟ್ಟಿಗೆಗಳು ಬಹಳವಿದ್ದಾಗ, ಅತ್ಯುತ್ತಮ ಜೋಡಣೆಗೆ ಒಂಬತ್ತು ಬೇಕಿದ್ದಲ್ಲಿ ಇದು ಸುಮಾರು ಹನ್ನೊಂದನ್ನು ಮೀರುವುದಿಲ್ಲ. ಆ ಮಿತಿಯ ಕೊನೆಯ ಸಣ್ಣ ಅಂಶವನ್ನು ಹಂಗೇರಿಯ ಗಣಿತಜ್ಞ ಡೋಶಾ ಖಚಿತಪಡಿಸಿದ್ದು 2007ರಲ್ಲಿ. ಪೆಟ್ಟಿಗೆ ತುಂಬುವ ಇಷ್ಟು ಸರಳ ವಿಧಾನದ ಬಗ್ಗೆ ಮೂವತ್ತನಾಲ್ಕು ವರ್ಷ ಮಾತು ಮುಗಿಯಲಿಲ್ಲ.

ಆದರೆ 2014ರವರೆಗೂ ಗೋದಾಮುಗಳಿಗೆ ಈ ಗಣಿತದ ಹಂಗು ಅಷ್ಟಾಗಿ ಇರಲಿಲ್ಲ. ಅಮೆರಿಕದ ಫೆಡೆಕ್ಸ್ ಮತ್ತು ಯುಪಿಎಸ್ ಕಂಪನಿಗಳು ರಸ್ತೆಯಲ್ಲಿ ಸಾಗಿಸುತ್ತಿದ್ದ ಸಣ್ಣ ಪಾರ್ಸೆಲ್‌ಗಳಿಗೆ ತಕ್ಕಡಿಯ ತೂಕಕ್ಕೆ ಮಾತ್ರ ಹಣ ಪಡೆಯುತ್ತಿದ್ದವು. ಪೆಟ್ಟಿಗೆ ಮೂರು ಘನ ಅಡಿಗಿಂತ ಚಿಕ್ಕದಿದ್ದರೆ ಅದರ ಗಾತ್ರವನ್ನು ಯಾರೂ ಕೇಳುತ್ತಿರಲಿಲ್ಲ. ಒಂದೇ ಪುಸ್ತಕವನ್ನು ಆ ಮಿತಿಯೊಳಗಿನ ದೊಡ್ಡ ಪೆಟ್ಟಿಗೆಯಲ್ಲಿ ಕಳಿಸಿದರೂ ನಷ್ಟ ರಟ್ಟಿನದು ಮಾತ್ರ.

2014ರಲ್ಲಿ ಎರಡೂ ಕಂಪನಿಗಳು ಈ ವಿನಾಯಿತಿಯನ್ನು ತೆಗೆದುಹಾಕುವುದಾಗಿ ಸಾರಿದವು. ಯುಪಿಎಸ್ ಆ ವರ್ಷದ ಡಿಸೆಂಬರ್ 29ರಿಂದ, ಫೆಡೆಕ್ಸ್ 2015ರ ಜನವರಿ 1ರಿಂದ ಹೊಸ ಲೆಕ್ಕ ಜಾರಿಗೆ ತಂದವು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಅಂಗುಲದಲ್ಲಿ ಗುಣಿಸಿ 166ರಿಂದ ಭಾಗಿಸಿದರೆ ಬರುವುದು ‘ವಾಲ್ಯೂಮೆಟ್ರಿಕ್’ ತೂಕ. ಅದು ಮತ್ತು ತಕ್ಕಡಿಯ ತೂಕ, ಎರಡರಲ್ಲಿ ಹೆಚ್ಚಿನದಕ್ಕೆ ಶುಲ್ಕ. ಎಲ್ಲ ಕಡೆ ಹನ್ನೆರಡು ಅಂಗುಲವಿರುವ ಪೆಟ್ಟಿಗೆಯಲ್ಲಿ ಎರಡು ಪೌಂಡಿನ ದಿಂಬು ಕಳಿಸಿದರೆ ಹಿಂದೆ ಎರಡು ಪೌಂಡಿನ ಶುಲ್ಕ. ಹೊಸ ಲೆಕ್ಕದಲ್ಲಿ 1,728 ಭಾಗಿಸು 166, ಮೇಲಕ್ಕೆ ಹೊಂದಿಸಿ ಹನ್ನೊಂದು ಪೌಂಡು. 2017ರಲ್ಲಿ ಫೆಡೆಕ್ಸ್ ಭಾಜಕವನ್ನು 139ಕ್ಕೆ ಇಳಿಸಿತು. ಅದೇ ದಿಂಬು ಹದಿಮೂರು ಪೌಂಡಾಯಿತು.

ಗೋದಾಮಿಗೆ ಪೆಟ್ಟಿಗೆಯೊಳಗಿನ ಗಾಳಿಯ ಬೆಲೆ ತಿಳಿದದ್ದು ಆಗ. ಜಾನ್ಸನ್, ಗ್ರಹಾಂ ಬಿಡಿಸಿದ್ದ ಲೆಕ್ಕಗಳು ಪ್ರತಿ ಆರ್ಡರ್‌ನ ಹಿಂದೆ ಓಡತೊಡಗಿದವು. ದೊಡ್ಡ ಕಂಪನಿಗಳ ಗೋದಾಮು ತಂತ್ರಾಂಶಗಳಲ್ಲಿ ಇಂಥದ್ದು ಮೊದಲೇ ಇತ್ತು; ಸಣ್ಣ ಅಂಗಡಿಗಳ ಕೈಗೂ ಸಿಗುವಂತೆ ಬಾಕ್ಸ್‌ಪ್ಯಾಕರ್‌ನಂಥ ಮುಕ್ತ ತಂತ್ರಾಂಶಗಳು ಇವೆ. ಬಾಕ್ಸ್‌ಪ್ಯಾಕರ್ ಉದ್ದ, ಅಗಲ, ಎತ್ತರದ ಜೊತೆಗೆ ತೂಕವನ್ನೂ ಸೇರಿಸಿಕೊಂಡು ತನ್ನದು ನಾಲ್ಕು ಆಯಾಮದ ಲೆಕ್ಕ ಎನ್ನುತ್ತದೆ.

ನಮ್ಮಲ್ಲಿ ಕೊರಿಯರ್‌ಗಳು ಸಾಮಾನ್ಯವಾಗಿ ಸೆಂಟಿಮೀಟರಿನಲ್ಲಿ ಗುಣಿಸಿ 5000ರಿಂದ ಭಾಗಿಸಿ ಕಿಲೋ ತೆಗೆಯುತ್ತವೆ. ಅಮೆರಿಕದ 139 ಹೆಚ್ಚುಕಡಿಮೆ ಇದೇ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾದದ್ದು ಪುಸ್ತಕಗಳಿಂದ. ಪೆಟ್ಟಿಗೆಯ ಲೆಕ್ಕಕ್ಕೆ ಪುಸ್ತಕದಷ್ಟು ಸಲೀಸಾದ ಸರಕು ಮತ್ತೊಂದಿಲ್ಲ: ಚೌಕಟ್ಟಾದ ಆಕಾರ, ಒಂದರ ಮೇಲೊಂದು ಕೂರುತ್ತದೆ, ಅಳತೆ ಬದಲಾಗುವುದಿಲ್ಲ. ಪುಸ್ತಕದ ಜೊತೆ ಬೇರೇನಾದರೂ ಸೇರಿತೋ, ಲೆಕ್ಕದ ಕಷ್ಟ ಶುರು.

ಎರಡು ಪುಸ್ತಕ, ಒಂದು ಸ್ಟೀಲ್ ನೀರಿನ ಬಾಟಲಿಯ ಆರ್ಡರ್ ತೆಗೆದುಕೊಳ್ಳೋಣ. ಪುಸ್ತಕಗಳು ತಲಾ 24 ಸೆಂ.ಮೀ. ಉದ್ದ, 17 ಅಗಲ, 3 ದಪ್ಪ, 600 ಗ್ರಾಂ. ಬಾಟಲಿ 27 ಉದ್ದ, 7 ದಪ್ಪ, 350 ಗ್ರಾಂ. ದುಂಡಗಿರುವ ಬಾಟಲಿಯನ್ನೂ ತಂತ್ರಾಂಶ ಚೌಕಾಕಾರವೆಂದೇ ಎಣಿಸುತ್ತದೆ. ಮೂರೂ ಸೇರಿ ಗಾತ್ರ 3,771 ಘನ ಸೆಂಟಿಮೀಟರ್.

ಗಾತ್ರವನ್ನಷ್ಟೇ ನೋಡುವ ಅಗ್ಗದ ತಂತ್ರಾಂಶ, ಒಳಗಡೆ 25×18×10 ಇರುವ ಪೆಟ್ಟಿಗೆಯನ್ನು ಆರಿಸುತ್ತದೆ. ಅದರಲ್ಲಿ 4,500 ಜಾಗವಿದೆ. ಆದರೆ ಬಾಟಲಿ 27, ಪೆಟ್ಟಿಗೆ 25. ಓರೆಯಾಗಿ ಇಟ್ಟರೂ ಹೋಗದು. ಮುಂದಿನ ಪೆಟ್ಟಿಗೆ 30×22×12, ಒಳಗಿನ ಜಾಗ 7,920, ಬೇಕಾದುದರ ಇಮ್ಮಡಿಗೂ ಮಿಗಿಲು. ಅಲ್ಲೂ ಆಗುವುದಿಲ್ಲ. ಪುಸ್ತಕಗಳನ್ನು ಒಂದರ ಮೇಲೊಂದು ಮಲಗಿಸಿದರೆ ಪಕ್ಕದಲ್ಲಿ ಉಳಿಯುವುದು 5 ಸೆಂಟಿಮೀಟರ್, ಮೇಲೆ ಉಳಿಯುವುದು 6. ಬಾಟಲಿಗೆ ಬೇಕಾದ್ದು 7. ಪುಸ್ತಕ ನಿಲ್ಲಿಸಲು ಹೋದರೆ 12ರ ಎತ್ತರ ಸಾಲದು. ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿದೆ, ಮುಚ್ಚಳ ಮುಚ್ಚುವುದಿಲ್ಲ. ಸಾಮಾನನ್ನು ಆರು ಬಗೆಯಲ್ಲಿ ತಿರುಗಿಸಿ ಇಟ್ಟು ನೋಡುವ ತಂತ್ರಾಂಶಕ್ಕೆ ಮಾತ್ರ ಇದು ತಿಳಿಯುತ್ತದೆ. ಅದು ಮೂರನೆಯದನ್ನು, 30×22×14ನ್ನು ಆರಿಸುತ್ತದೆ: ಕೆಳಗೆ ಪುಸ್ತಕ 6, ಮೇಲೆ ಬಾಟಲಿ 7, ಒಟ್ಟು 13.

ಇನ್ನು ತೂಕ. ಸಾಮಾನು 1,550 ಗ್ರಾಂ, ಖಾಲಿ ಪೆಟ್ಟಿಗೆ 220, ಸಂದಿಗೆ ತುರುಕುವ ಕಾಗದ 60, ಒಟ್ಟು 1,830. ಪೆಟ್ಟಿಗೆ ಮತ್ತು ಕಾಗದದ ತೂಕ ಸೇರಿಸಲು ಮರೆತ ಅಂಗಡಿಗಳು ಎಷ್ಟೋ. ಈ ಅಂದಾಜಿಗೆ ಇನ್ನೊಂದು ಉಪಯೋಗವೂ ಉಂಟು. ಟೇಪ್ ಹಾಕಿದ ಪಾರ್ಸೆಲ್ ತಕ್ಕಡಿಯ ಮೇಲೆ ಹೋದಾಗ ಅಂದಾಜಿಗಿಂತ ಕಡಿಮೆ ತೂಗಿದರೆ ಒಳಗೆ ಏನೋ ಬಿಟ್ಟುಹೋಗಿದೆ ಎಂದರ್ಥ. ಆದರೆ ರಟ್ಟು ಗಾಳಿಯ ತೇವ ಹೀರುತ್ತದೆ. ಮಳೆಗಾಲದ ಪೆಟ್ಟಿಗೆ ಬೇಸಿಗೆಯದಕ್ಕಿಂತ ಭಾರ. ಅದಕ್ಕಾಗಿ ಐವತ್ತು ಗ್ರಾಂ ಹೆಚ್ಚುಕಡಿಮೆ ಇರಲಿ ಎಂದು ಬಿಟ್ಟರೆ, ನಲವತ್ತು ಗ್ರಾಂನ ಸಾಮಾನು ಬಿಟ್ಟುಹೋದರೂ ತಕ್ಕಡಿ ಸುಮ್ಮನಿರುತ್ತದೆ.

ಶುಲ್ಕಕ್ಕೆ ಬರೋಣ. ಹೊರಗಿನ ಅಳತೆ 31×23×15, ಭಾಗಿಸು 5000, ಅಂದರೆ 2.14 ಕಿಲೋ. ಅರ್ಧರ್ಧ ಕಿಲೋ ಹಂತದಲ್ಲಿ ಲೆಕ್ಕ ಹಾಕುವ ಕೊರಿಯರ್ ಎರಡೂವರೆ ಕಿಲೋಗೆ ಬಿಲ್ ಮಾಡುತ್ತದೆ. ತಕ್ಕಡಿ 1.83 ತೋರಿಸುತ್ತಿರುವಾಗ ಮಾರಾಟಗಾರನಿಗೆ ಇದು ಅನ್ಯಾಯವೆನಿಸಿ ತಕರಾರು ಎದ್ದೇಳುತ್ತದೆ. ನಾನು ಕಂಡ ತೂಕದ ಜಗಳಗಳಲ್ಲಿ ಹೆಚ್ಚಿನವು ಹೀಗೆ ಹೊರಗಿನ ಅಳತೆಯನ್ನು ಲೆಕ್ಕಕ್ಕೆ ತಾರದೆ ಹುಟ್ಟಿದವು.

ಇಲ್ಲಿಯೇ ನನಗೆ ಹೊಟ್ಟೆಯುರಿಯುವುದು. ಹಳೆಯ ಪ್ಯಾಕಿಂಗ್ ಕೆಲಸಗಾರರು ಈ ಪೆಟ್ಟಿಗೆಯನ್ನು ಹೀಗೇ ಬಿಡುತ್ತಿರಲಿಲ್ಲ. ಸಾಮಾನು ತುಂಬಿ, ಮೇಲೆ ಉಳಿದ ಒಂದು ಸೆಂಟಿಮೀಟರ್ ಕಂಡೊಡನೆ ನಾಲ್ಕು ಮೂಲೆಗಳಲ್ಲೂ ಚಾಕುವಿನಿಂದ ಅಷ್ಟೇ ಆಳಕ್ಕೆ ಸೀಳಿ, ಪಕ್ಕಗಳ ಮೇಲೆ ಹಗುರಾಗಿ ಗೆರೆ ಎಳೆದು, ಮುಚ್ಚಳವನ್ನು ಕೆಳಗೆ ಮಡಚಿ ಟೇಪ್ ಹಾಕುತ್ತಿದ್ದರು. 31×23×14, ಭಾಗಿಸು 5000: 1.996 ಕಿಲೋ. ಬಿಲ್ ಎರಡು ಕಿಲೋಗೆ ಇಳಿಯಿತು. ಅರ್ಧ ನಿಮಿಷದ ಈ ಕೈಕೆಲಸವನ್ನು ಅವರಿಂದ ಕೇಳಿ ಬರೆದುಕೊಂಡವರು ಯಾರೂ ಇಲ್ಲ. ಪರದೆಯ ಮೇಲೆ ‘ಮೂರನೇ ನಂಬರ್ ಬಾಕ್ಸ್’ ಎಂದು ಬರತೊಡಗಿದ ಮೇಲೆ, ಹೊಸಬರು ಅದೇ ಬಾಕ್ಸ್ ತೆಗೆದು, ಮೇಲಿನ ಸಂದಿಗೆ ಗಾಳಿಚೀಲ ತುಂಬಿ ಮುಚ್ಚುತ್ತಾರೆ. ಚಾಕು ಹಿಡಿದರೆ ನಿಧಾನವಾಯಿತೆಂದು ಮೇಲ್ವಿಚಾರಕರಿಂದ ಬೈಗುಳ.

ಅಳತೆಗಳಲ್ಲೂ ಇದೇ ಕಥೆ. ತಂತ್ರಾಂಶದ ಸಾಮಾನು ಪಟ್ಟಿಯಲ್ಲಿರುವ ಅಂಕಿಗಳನ್ನು ತುಂಬಿದವರು ಸಾಮಾನನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ಸೆಂಟಿಮೀಟರಿನ ಜಾಗದಲ್ಲಿ ಅಂಗುಲ, ಪೊಟ್ಟಣದ ಜಾಗದಲ್ಲಿ ಬರೀ ವಸ್ತುವಿನ ಅಳತೆ. ಇದನ್ನು ಹಿಡಿಯಲು ಒಂದು ಸುಲಭ ದಾರಿಯಿದೆ: ಗ್ರಾಂ ತೂಕವನ್ನು ಘನ ಸೆಂಟಿಮೀಟರ್ ಗಾತ್ರದಿಂದ ಭಾಗಿಸಿ ನೋಡಿ. ಉಕ್ಕಿನ ಗಟ್ಟಿ ತುಂಡಿಗೇ ಅದು ಸುಮಾರು 7.8 ಬರುತ್ತದೆ. ಬಿಸ್ಕತ್ತಿನ ಪೊಟ್ಟಣಕ್ಕೆ 9 ಬಂದರೆ ಯಾರೋ ಅಂಗುಲದ ಅಂಕಿಯನ್ನು ಸೆಂಟಿಮೀಟರಿನ ಮನೆಯಲ್ಲಿ ಬರೆದಿದ್ದಾರೆ. ಸೀರೆ, ಟವೆಲ್, ದಿಂಬಿಗೆ ಈ ದಾರಿಯೂ ಸಾಲದು. ಅಂಗೈಯಲ್ಲಿ ಒತ್ತಿದರೆ ಅವು ಎಷ್ಟು ತಗ್ಗುತ್ತವೆ ಎಂಬುದಕ್ಕೆ ಪಟ್ಟಿಯಲ್ಲಿ ಮನೆಯೇ ಇರುವುದಿಲ್ಲ.

ದೊಡ್ಡ ಗೋದಾಮುಗಳು ಪೆಟ್ಟಿಗೆಯ ಎತ್ತರವನ್ನು ಸಾಮಾನಿಗೆ ತಕ್ಕಂತೆ ಕತ್ತರಿಸುವ ಯಂತ್ರಗಳನ್ನು ಕೊಂಡಿವೆ. ಸಣ್ಣ ಅಂಗಡಿಗೆ ಅಷ್ಟು ಬೇಕಿಲ್ಲ. ಎತ್ತರದ ಉದ್ದಕ್ಕೂ ಮೂರು ನಾಲ್ಕು ಕಡೆ ಮಡಿಕೆಯ ಗೆರೆ ಹಾಕಿದ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅದಿಲ್ಲದಿದ್ದರೂ, ತಂತ್ರಾಂಶದ ಪೆಟ್ಟಿಗೆ ಪಟ್ಟಿಯಲ್ಲಿ ಒಂದೇ ರಟ್ಟಿಗೆ ಮೂರು ಸಾಲು ಬರೆದರಾಯಿತು: 30×22×14, 30×22×13, 30×22×12, ಮೂರಕ್ಕೂ ಖಾಲಿ ತೂಕ ಅದೇ 220 ಗ್ರಾಂ. ನಮ್ಮ ಪುಸ್ತಕ ಮತ್ತು ಬಾಟಲಿಯ ಆರ್ಡರ್ ಬಂದಾಗ ಅದು ತಾನಾಗಿ 13ರದನ್ನು ಆರಿಸುತ್ತದೆ. ಸಾಲಿನ ಎದುರು ಒಂದು ಸೆಂಟಿಮೀಟರ್ ಸೀಳಿ ಮಡಚಬೇಕೆಂಬ ಸೂಚನೆ ಹಾಕಿಟ್ಟರೆ ಪ್ಯಾಕಿಂಗ್ ಮೇಜಿನಲ್ಲಿರುವವರು ಹಾಗೆಯೇ ಮಾಡುತ್ತಾರೆ. ಯಾವ ಸಾಲುಗಳು ಬೇಕು ಎಂದು ತಿಳಿಯಲು ಪರದೆ ಹೇಳಿದ್ದನ್ನು ಬಿಟ್ಟು ಬೇರೆ ಪೆಟ್ಟಿಗೆ ಎತ್ತಿಕೊಂಡ ಆರ್ಡರ್‌ಗಳನ್ನು ಒಂದು ತಿಂಗಳು ಬರೆದಿಟ್ಟು, ಏಕೆ ಬದಲಿಸಿದಿರಿ ಎಂದು ಅವರನ್ನೇ ಕೇಳಬೇಕು.