ಹಾಲು ಹಾಕದ ದಿನದ ಲೆಕ್ಕ

ಹಾಲಿನ ಡೇರಿಯ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆದಿದ್ದೀರಿ ಎನ್ನಿ. B ಕಾಲಮ್ಮಿನಲ್ಲಿ ಲೀಟರು, C ಯಲ್ಲಿ ಹಣ, D ಯಲ್ಲಿ ಲೀಟರಿಗೆ ಬಿದ್ದ ದರ. ಮೊದಲನೆಯವರು 12 ಲೀಟರಿಗೆ 420 ರೂಪಾಯಿ, ದರ 35. ಎರಡನೆಯವರು 8 ಲೀಟರಿಗೆ 272, ದರ 34. ಮೂರನೆಯವರ ಹಸು ಬತ್ತಿದೆ, ಅವರ ಸಾಲು ಖಾಲಿ. ಅಲ್ಲಿ `#DIV/0!` ಕಾಣಿಸುತ್ತದೆ. ಖಾಲಿ ಕೋಶವನ್ನು ಎಕ್ಸೆಲ್ ಸೊನ್ನೆಯೆಂದೇ ಎಣಿಸುತ್ತದೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಕೆಳಗೆ D ಕಾಲಮ್ಮಿನ ಸರಾಸರಿ ಕೇಳಿದರೆ ಅದೂ ಕೆಡುತ್ತದೆ.

ಮದ್ದು ಸರಳ. ಭಾಗಿಸುವ ಮೊದಲು ಲೀಟರು ಇದೆಯೇ ಎಂದು ನೋಡಿಸಿ:

```
=IF(B2=0,"",C2/B2)
```

ಇದನ್ನು ಕೆಳಗಿನ ಸಾಲುಗಳಿಗೂ ಎಳೆಯಿರಿ. `""` ಬದಲು 0 ಹಾಕುವ ಆಸೆ ಬೇಡ. ಖಾಲಿ ಕಾಣುವ ಕೋಶವನ್ನು `AVERAGE` ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಎಣಿಸುತ್ತದೆ, 34.50 ಬರಬೇಕಾದಲ್ಲಿ 23 ಬರುತ್ತದೆ. ಹಾಲು ಹಾಕದವರಿಗೆ ದರವೇ ಇಲ್ಲ, ಸೊನ್ನೆ ದರವಲ್ಲ. ಅಂದಹಾಗೆ, ಡೇರಿಗೆ ನಿಜವಾಗಿ ಬೇಕಾದದ್ದು ಒಟ್ಟು ಹಣವನ್ನು ಒಟ್ಟು ಲೀಟರಿನಿಂದ ಭಾಗಿಸಿದ ದರ: 692 ಭಾಗ 20, ಅಂದರೆ 34.60.

ಹಲವರು ಬಳಸುವ ಅಡ್ಡದಾರಿ `IFERROR`. ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಯಾರೋ ಲೀಟರಿನ ಕೋಶದಲ್ಲಿ 8 ಎನ್ನುವ ಬದಲು "8 ಲೀ" ಎಂದು ಬರೆದರೆ `#VALUE!` ಬರಬೇಕು. `IFERROR` ಅದನ್ನೂ ಮುಚ್ಚಿಹಾಕುತ್ತದೆ. ಮೇಲಿನ `IF` ಮುಚ್ಚುವುದಿಲ್ಲ. ಆದರೆ ಹಣ ಬರೆದು ಲೀಟರು ಮರೆತ ಸಾಲು `IF`ನಲ್ಲೂ ಅಡಗಿಕೊಳ್ಳುತ್ತದೆ. C ಯಲ್ಲಿ ಹಣವಿದ್ದು D ಖಾಲಿಯಿದ್ದರೆ ಪುಸ್ತಕ ತೆಗೆದು ನೋಡಿ.